ಹೆರಿಗೆ ಆದ ಮೇಲೆ ಸೇರುವಾಗ ನೋವು: ಡಾಕ್ಟರಿಗೆ ತೋರಿಸುವ ಮುಂಚೆ ಗಂಡ ಹೆಂಡತಿ ಮಾತಾಡಿಕೊಳ್ಳುವುದು ಹೇಗೆ

ನಾರ್ಮಲ್ ಹೆರಿಗೆಯಾಗಿ, ಬಾಣಂತನ ಮುಗಿಸಿ ಗಂಡನ ಮನೆಗೆ ವಾಪಸ್ ಬಂದ ಮೇಲೆ, ಒಂದಾಗುವಾಗ ನೋವಾಗುತ್ತದೆ ಎಂದು ಹೇಳುವ ಹೆಂಗಸರಿದ್ದಾರೆ. ಹೇಳದೆ ಹಲ್ಲು ಕಚ್ಚಿಕೊಂಡು ಇರುವವರೂ ಇದ್ದಾರೆ. ಸಂಭೋಗದ ನೋವಿಗೆ ಕಾರಣಗಳು ಹಲವು. ಎಲ್ಲವನ್ನೂ ಇಲ್ಲಿ ಹೇಳಲು ಹೋಗುವುದಿಲ್ಲ. ಹೆರಿಗೆಯಾಗಿ ಕೆಲವು ತಿಂಗಳು ಕಳೆದ, ಇನ್ನೂ ಹಾಲು ಕುಡಿಸುತ್ತಿರುವ ತಾಯಿಯ ನೋವನ್ನೇ ತೆಗೆದುಕೊಳ್ಳುತ್ತೇನೆ. ಇದಕ್ಕೆ ಚಿಕಿತ್ಸೆ ಇದೆ. ಆದರೆ ಚಿಕಿತ್ಸೆಗೂ ಮುಂಚೆ ಮನೆಯಲ್ಲಿ ಒಂದು ಮಾತುಕತೆ ಆಗಬೇಕು. ಹೆಚ್ಚಿನ ಜೋಡಿಗಳು ನಿಂತುಬಿಡುವುದು ಅಲ್ಲೇ.

ಉದಾಹರಣೆಗೆ ಸುಧಾ, ರವಿ ಎಂಬ ಜೋಡಿ ಎಂದುಕೊಳ್ಳೋಣ. ಮಂಡ್ಯದ ಹತ್ತಿರದ ಹಳ್ಳಿ. ಮನೆಯಲ್ಲಿ ಅತ್ತೆ ಮಾವ ಇದ್ದಾರೆ. ಮಗುವಿಗೆ ಏಳು ತಿಂಗಳು. ಹೆರಿಗೆಯಲ್ಲಿ ಕೊಯ್ದು ಹೊಲಿಗೆ ಹಾಕಿದ್ದರು. ಸುಧಾ ಐದು ತಿಂಗಳು ತವರುಮನೆಯಲ್ಲಿದ್ದು ಬಂದಿದ್ದಾಳೆ. ಬಂದಾಗಿನಿಂದ ಪ್ರತಿ ಸಲವೂ ನೋವು. ಈಗೀಗ ರಾತ್ರಿಯಾದರೆ ಮಗುವನ್ನು ನಡುವೆ ಮಲಗಿಸಿಕೊಂಡು ಗೋಡೆ ಕಡೆ ತಿರುಗುತ್ತಾಳೆ. ಅವಳಿಗೆ ತನ್ನ ಮೇಲೆ ಮನಸ್ಸಿಲ್ಲವೇನೋ ಎಂದು ರವಿ ಒಳಗೊಳಗೇ ನೊಂದುಕೊಂಡಿದ್ದಾನೆ.

ಮೊದಲು, ನೋವಿನ ಕೆಲಸ ನಿಲ್ಲಿಸಿ

ಡಾಕ್ಟರಿಗೆ ತೋರಿಸುವವರೆಗೂ ಸಂಭೋಗ ಬೇಡ ಎಂದು ಇಬ್ಬರೂ ಒಪ್ಪಿಕೊಳ್ಳಬೇಕು. ಇದು ಬರೀ ಕರುಣೆಯ ಮಾತಲ್ಲ, ಚಿಕಿತ್ಸೆಯ ಮೊದಲ ಭಾಗವೇ ಇದು.

ಯೋನಿಯ ಬಾಯಿಯ ಸುತ್ತ ಸ್ನಾಯುಗಳಿವೆ. ಒಂದೆರಡು ಸಲ ನೋವಾದರೆ ಸಾಕು, ಮುಂದಿನ ಸಲ ಹತ್ತಿರ ಬಂದ ತಕ್ಷಣ ಅವು ತಾವಾಗಿಯೇ ಬಿಗಿಯುತ್ತವೆ. ಕಣ್ಣಿಗೆ ಧೂಳು ಹಾರಿದರೆ ರೆಪ್ಪೆ ಮುಚ್ಚಿಕೊಳ್ಳುತ್ತದಲ್ಲ, ಹಾಗೆ. ಅವಳು ಬೇಕೆಂದು ಬಿಗಿ ಹಿಡಿಯುತ್ತಿಲ್ಲ. ಬಿಗಿದಾಗ ನೋವು ಜಾಸ್ತಿಯಾಗುತ್ತದೆ, ನೋವು ಜಾಸ್ತಿಯಾದಷ್ಟೂ ಮತ್ತೆ ಬಿಗಿಯುತ್ತದೆ. ಶುರುವಿನಲ್ಲಿ ಹೊಲಿಗೆ ಜಾಗದಲ್ಲಿ ಮಾತ್ರ ಇದ್ದ ನೋವಿಗೆ ಹೀಗೆ ಎರಡನೆಯ ನೋವೊಂದು ಸೇರಿಕೊಳ್ಳುತ್ತದೆ. 'ಅಭ್ಯಾಸ ಆದರೆ ಸರಿಹೋಗುತ್ತೆ' ಎನ್ನುವ ಮಾತು ತಪ್ಪಾಗುವುದು ಇದರಿಂದಲೇ. ಸಹಿಸಿಕೊಂಡು ಮುಂದುವರಿದರೆ ದೇಹ ಕಲಿಯುವುದು ಹೆದರಿಕೆಯನ್ನು.

ನಿಲ್ಲಿಸುವುದು ಎಂದರೆ ದೂರ ಮಲಗುವುದು ಅಂತಲ್ಲ. ತಬ್ಬಿಕೊಳ್ಳುವುದು, ಪಕ್ಕದಲ್ಲಿ ಕೂತು ಮಾತಾಡುವುದು, ತಲೆ ನೇವರಿಸುವುದು ಎಲ್ಲ ಇರಲಿ. ಆದರೆ ಇವತ್ತು ಇದು ಅಲ್ಲಿಗೇ ಹೋಗಿ ಮುಟ್ಟುವುದಿಲ್ಲ ಎನ್ನುವುದು ಇಬ್ಬರಿಗೂ ಖಚಿತವಾಗಿ ಗೊತ್ತಿರಬೇಕು. ಅದು ಗೊತ್ತಿದ್ದರೆ ಮಾತ್ರ ಅವಳು ಮುಟ್ಟಿದರೆ ಬೆಚ್ಚುವುದು ನಿಲ್ಲುತ್ತದೆ.

ಮಾತು ಎಲ್ಲಿ, ಹೇಗೆ ತೆಗೆಯುವುದು

ಹಾಸಿಗೆ ಮೇಲೆ ಈ ಮಾತು ಬೇಡ. ಆಗ ಏನು ಹೇಳಿದರೂ ಒಬ್ಬರಿಗೆ ಬೇಡ ಅಂದಹಾಗೆ, ಇನ್ನೊಬ್ಬರಿಗೆ ದೂರು ಹೇಳಿದಹಾಗೆ ಕೇಳಿಸುತ್ತದೆ. ಅತ್ತೆ ಮಾವ ಇರುವ ಮನೆಯಲ್ಲಿ ಪಿಸುಮಾತಿಗೂ ಗೋಡೆ ಅಡ್ಡವಿರುವುದಿಲ್ಲ. ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಸಂಜೆ ನಾಲೆ ಏರಿ ಮೇಲೆ ಒಂದು ಸುತ್ತು ಹೋಗಬಹುದು. ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ನೋಡಿಕೊಂಡು ಹೇಳಬೇಕಾಗಿಲ್ಲ. ನಾಚಿಕೆಯ ಮಾತಿಗೆ ಇದೇ ಅನುಕೂಲ.

ರವಿ ಹೀಗೆ ಶುರು ಮಾಡುತ್ತಾನೆ.

"ಸುಧಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನಗೆ ನೋವಾಗ್ತಿದೆ ಅಲ್ವಾ?"

"ಏನೂ ಇಲ್ಲ ಬಿಡಿ."

"ಮೊನ್ನೆ ನೀನು ಹೊದಿಕೆ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ನೋಡ್ದೆ ನಾನು. ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ."

"ಎಲ್ಲರಿಗೂ ಹೀಗೇ ಆಗುತ್ತಂತೆ ಕಣ್ರೀ. ಅಕ್ಕನೂ ಹಾಗೇ ಅಂದ್ಲು. ಸ್ವಲ್ಪ ದಿನ ಆದ್ಮೇಲೆ ಸರಿಹೋಗುತ್ತೆ."

"ನೀನು ಬಂದು ಎರಡು ತಿಂಗಳಾಯ್ತು. ಕಮ್ಮಿ ಆಗಿದ್ಯಾ?"

"ಇಲ್ಲ. ಮೊದಲಿಗಿಂತ ಜಾಸ್ತಿನೇ."

ಇಲ್ಲಿ ಗಂಡಸಿನ ಬಾಯಿಗೆ ತಟ್ಟನೆ ಬರುವ ಮಾತು 'ಮತ್ತೆ ಯಾಕೆ ಹೇಳಲಿಲ್ಲ?' ಎನ್ನುವುದು. ದಯವಿಟ್ಟು ಅದನ್ನು ನುಂಗಿಕೊಳ್ಳಿ. ಅವಳು ಇಷ್ಟು ದಿನ ಬಚ್ಚಿಟ್ಟದ್ದು ನಿಮ್ಮನ್ನು ನೋಯಿಸಬಾರದು ಎಂದು. ಈಗ ಅದನ್ನೇ ತಪ್ಪು ಮಾಡಿದರೆ ಬಾಯಿ ಮತ್ತೆ ಮುಚ್ಚಿಹೋಗುತ್ತದೆ. ರವಿ ಬೇರೆಯದನ್ನು ಹೇಳುತ್ತಾನೆ.

"ಸರಿ ಹಾಗಾದ್ರೆ. ಡಾಕ್ಟರಿಗೆ ತೋರಿಸೋವರೆಗೂ ಅದು ಬೇಡ. ನಾನು ಕೇಳೋದೂ ಇಲ್ಲ."

"ನಿಮಗೆ ಕೋಪ ಬರಲ್ವಾ?"

"ನಿನಗೆ ನೋವು ಕೊಟ್ಟು ನನಗೇನು ಸಿಗ್ಬೇಕು ಹೇಳು? ನಾನೇ ಬೇಡ ಆಗಿಬಿಟ್ನೇನೋ ಅಂದ್ಕೊಂಡಿದ್ದೆ, ಅಷ್ಟೇ."

"ಅಯ್ಯೋ, ಹಾಗಲ್ಲ ಕಣ್ರೀ. ನೀವು ಹತ್ತಿರ ಬಂದ್ರೆ ಮತ್ತೆ ನೋವಾಗುತ್ತೆ ಅಂತ ಹೆದರಿಕೆ. ಅದಕ್ಕೇ ಮಗು ನೆಪ ಮಾಡ್ತಿದ್ದೆ."

ಈ ಎರಡು ಮಾತು ಹೊರಗೆ ಬಂದರೆ ದೊಡ್ಡ ಗಂಟು ಬಿಚ್ಚಿದಂತೆ. ಅವನ ಅನುಮಾನ, ಅವಳ ಹೆದರಿಕೆ ಎರಡೂ ಎದುರಿಗೆ ಬಂದವು.

ಹೆಂಡತಿಯೇ ಶುರು ಮಾಡುವುದಾದರೆ ಒಂದೇ ವಾಕ್ಯ ಸಾಕು: "ರೀ, ಹೊಲಿಗೆ ಹಾಕಿದ ಜಾಗದಲ್ಲಿ ನನಗೆ ತುಂಬಾ ನೋವಾಗ್ತಿದೆ, ತಡ್ಕೊಳ್ಳೋಕೆ ಆಗ್ತಿಲ್ಲ, ಡಾಕ್ಟರಿಗೆ ತೋರಿಸ್ಬೇಕು." ದೇಹದ ಒಂದು ಜಾಗದ ಹೆಸರು ಹೇಳಿದರೆ ಮಾತು ಇಷ್ಟಾನಿಷ್ಟದ ಕಡೆಗೆ ಹೋಗುವುದಿಲ್ಲ, ನೋವಿನ ಮೇಲೆಯೇ ನಿಲ್ಲುತ್ತದೆ. ಗಂಡ ಆ ದಿನ ಸುಮ್ಮನಾದರೆ ಎರಡು ದಿನ ಬಿಟ್ಟು ಮತ್ತೆ ಹೇಳಿ. ಬೇಡ ಅಂದರೂ ಬಲವಂತ ಮಾಡುವ ಗಂಡನಾದರೆ ವಿಷಯ ಬೇರೆ. ಆಗ ಅವನ ಒಪ್ಪಿಗೆಗೆ ಕಾಯದೆ ತಾಯಿಯನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಹತ್ತಿರ ಒಬ್ಬಳೇ ಇರುವಾಗ ಅದನ್ನೂ ಹೇಳಬೇಕು. ಮಹಿಳಾ ಸಹಾಯವಾಣಿ 181ಕ್ಕೂ ಫೋನ್ ಮಾಡಬಹುದು.

ನೋವನ್ನು ಡಾಕ್ಟರಿಗೆ ಅರ್ಥವಾಗುವ ಹಾಗೆ ಹೇಳುವುದು

'ಅಲ್ಲಿ ನೋವು' ಎಂದಷ್ಟೇ ಹೇಳಿದರೆ ಡಾಕ್ಟರಿಗೆ ದಾರಿ ಸಿಗುವುದಿಲ್ಲ. ಅವರಿಗೆ ಮುಖ್ಯವಾಗಿ ಬೇಕಾದದ್ದು ಒಂದು: ನೋವು ಯೋನಿಯ ಬಾಯಿಯ ಹತ್ತಿರವೋ, ಒಳಗೆ ಆಳದಲ್ಲೋ?

ಒಳಗೆ ಹೋಗುವಾಗಲೇ ಉರಿ, ಸೀಳಿದ ಹಾಗೆ ನೋವು ಬಂದರೆ ಹೊಲಿಗೆಯ ಗಾಯದ ಗುರುತು, ಒಣಗಿದ ಚರ್ಮ, ಬಿಗಿದ ಸ್ನಾಯು, ತುರಿಕೆಯ ಸೋಂಕು ಇವುಗಳ ಕಡೆ ನೋಡುತ್ತಾರೆ. ಒಳಗೆ ಹೋದ ಮೇಲೆ ಕಿಬ್ಬೊಟ್ಟೆಯಲ್ಲಿ ಗುದ್ದಿದ ಹಾಗೆ ನೋವಾದರೆ ಗರ್ಭಕೋಶ, ಅಂಡಾಶಯ, ಒಳಗಿನ ಸೋಂಕು, ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇವುಗಳನ್ನು ಹುಡುಕುತ್ತಾರೆ. ಮೊದಲನೆಯದಕ್ಕೆ ಸ್ಕ್ಯಾನಿಂಗ್‌ನಿಂದ ಹೆಚ್ಚೇನೂ ತಿಳಿಯುವುದಿಲ್ಲ, ಕಣ್ಣಿನಿಂದ ನೋಡಿಯೇ ತಿಳಿಯಬೇಕು. ಎರಡನೆಯದಕ್ಕೆ ಸ್ಕ್ಯಾನಿಂಗ್ ಬೇಕಾಗಬಹುದು. 'ಸ್ಕ್ಯಾನಿಂಗ್ ನಾರ್ಮಲ್ ಇದೆ, ಏನೂ ತೊಂದರೆ ಇಲ್ಲ' ಎಂದು ಕಳಿಸಿದರೆ ಬಾಯಿಯ ಹತ್ತಿರದ ನೋವಿನ ವಿಷಯದಲ್ಲಿ ಅದು ಉತ್ತರವೇ ಅಲ್ಲ.

ಸುಧಾಗೆ ಬಾಯಿ ಬಿಟ್ಟು ಹೇಳಲು ಕಷ್ಟ. ಹಾಗಾಗಿ ಇಬ್ಬರೂ ಕೂತು ಮೊಬೈಲಿನಲ್ಲಿ ಬರೆದುಕೊಂಡರು. ಅವಳ ಟಿಪ್ಪಣಿ ಹೀಗಿದೆ:

"ಹೆರಿಗೆಯಾಗಿ ಏಳು ತಿಂಗಳು. ನಾರ್ಮಲ್, ಹೊಲಿಗೆ ಹಾಕಿದ್ದಾರೆ. ಸೇರುವಾಗ ಯೋನಿಯ ಬಾಯಲ್ಲೇ ನೋವು, ಕೆಳಭಾಗದಲ್ಲಿ ಬಲಗಡೆ ಜಾಸ್ತಿ. ಉರಿ, ಸೀಳಿದ ಹಾಗೆ. ಆಮೇಲೆ ಮೂತ್ರ ಮಾಡುವಾಗ ಸ್ವಲ್ಪ ಹೊತ್ತು ಉರಿ. ಒಳಗೆ ನೋವಿಲ್ಲ. ಒಣಗಿದ ಹಾಗಿರುತ್ತದೆ. ಹೆರಿಗೆಗೆ ಮುಂಚೆ ಈ ನೋವು ಇರಲಿಲ್ಲ. ಹಾಲು ಕುಡಿಸುತ್ತಿದ್ದೇನೆ. ಮುಟ್ಟು ಇನ್ನೂ ಶುರುವಾಗಿಲ್ಲ. ಬಿಳಿ ಹೋಗುವುದು, ತುರಿಕೆ ಇಲ್ಲ. ಕಾಂಡೋಮ್ ಬಳಸುತ್ತೇವೆ."

ಇಷ್ಟನ್ನು ಓದಿದರೆ ಡಾಕ್ಟರಿಗೆ ಅರ್ಧ ವಿಷಯ ತಿಳಿದುಹೋಗುತ್ತದೆ. ಹೇಳಲು ಆಗದಿದ್ದರೆ ಮೊಬೈಲನ್ನೇ ಅವರ ಕೈಗೆ ಕೊಡಿ, ತಪ್ಪೇನಿಲ್ಲ. ಕಾಪರ್ ಟಿ ಹಾಕಿಸಿಕೊಂಡಿದ್ದರೆ, ಬಸಿರಾಗದಂತೆ ಕೊಡುವ ಅಂತರಾ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅದನ್ನೂ ಬರೆಯಿರಿ.

ಕೆಲವು ಲಕ್ಷಣಗಳಿದ್ದರೆ ಟಿಪ್ಪಣಿ ಬರೆಯುತ್ತಾ ಕೂರಬಾರದು, ಅವತ್ತೇ ಹೋಗಬೇಕು. ಜ್ವರದ ಜೊತೆ ಕಿಬ್ಬೊಟ್ಟೆ ನೋವು, ಕೆಟ್ಟ ವಾಸನೆಯ ಸ್ರಾವ, ಹೊಲಿಗೆ ಜಾಗದಲ್ಲಿ ಊತ ಅಥವಾ ಕೀವು, ನಿಲ್ಲದ ರಕ್ತ, ಬಸಿರಿರಬಹುದು ಎಂಬ ಅನುಮಾನದ ಜೊತೆ ಒಂದೇ ಕಡೆ ಜೋರು ಹೊಟ್ಟೆನೋವು. ಸೇರಿದ ಮೇಲೆ ಸ್ವಲ್ಪ ಸ್ವಲ್ಪ ರಕ್ತ ಕಾಣುತ್ತಿದ್ದರೂ, ಗಾಳಿಯೋ ಮಲವೋ ತಡೆಯಲು ಆಗದೆ ಸೋರುತ್ತಿದ್ದರೂ ಮುಚ್ಚಿಡದೆ ಬೇಗ ತೋರಿಸಬೇಕು. ಈ ಕೊನೆಯದನ್ನು ಹೇಳಿಕೊಳ್ಳದ ತಾಯಂದಿರು ವರ್ಷಗಟ್ಟಲೆ ಒದ್ದಾಡುತ್ತಾರೆ. ಹೆರಿಗೆಯಲ್ಲಿ ಹರಿದು ಆಗುವ ಗಾಯದಿಂದ ಬರುವ ತೊಂದರೆ ಅದು, ಅದಕ್ಕೂ ಚಿಕಿತ್ಸೆ ಇದೆ.

ಎಲ್ಲಿಗೆ ಹೋಗುವುದು, ಮನೆಯಲ್ಲಿ ಏನು ಹೇಳುವುದು

ನೋಡಬೇಕಾದವರು ಸ್ತ್ರೀರೋಗ ತಜ್ಞರು. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆಯ ಓಪಿಡಿ ಇದೆ. ಮೈಸೂರಿನಲ್ಲಿ ಹೆಂಗಸರು ಮಕ್ಕಳಿಗೆಂದೇ ಚೆಲುವಾಂಬ ಆಸ್ಪತ್ರೆ ಇದೆ. ಹೆರಿಗೆ ಮಾಡಿಸಿದ ಡಾಕ್ಟರ ಬಳಿಗೇ ಹೋಗುವುದು ಒಂದು ದಾರಿ, ಹೊಲಿಗೆಯ ವಿವರ ಅವರಲ್ಲೇ ಇರುತ್ತದೆ. ಊರಿನವರ ಕಣ್ಣಿಗೆ ಬೀಳುವುದು ಬೇಡ ಅನ್ನಿಸಿದರೆ ಬೇರೆ ಊರಿನಲ್ಲಿ ತೋರಿಸಿ. ಸುಧಾ, ರವಿ ಮೈಸೂರಿಗೆ ಹೋಗಲು ಯೋಚಿಸಿದ್ದು ಅದಕ್ಕೇ. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಒಂದೇ ಕೋಣೆಯಲ್ಲಿ ಹಲವರನ್ನು ನೋಡುವುದೂ ಉಂಟು. ಅಂಥ ಕಡೆ "ಮೇಡಂ, ಸ್ವಲ್ಪ ಪಕ್ಕಕ್ಕೆ ಬಂದು ಹೇಳಬಹುದಾ?" ಎಂದು ಕೇಳಿದರೆ ಸಾಕು.

ಅತ್ತೆಗೆ ಸುಳ್ಳು ಹೇಳುವುದು ಬೇಡ, ಎಲ್ಲವನ್ನೂ ಹೇಳಬೇಕಾಗಿಯೂ ಇಲ್ಲ. ರವಿಯೇ ಹೇಳಲಿ: "ಅಮ್ಮ, ಸುಧಾಗೆ ಹೊಲಿಗೆ ಹಾಕಿದ ಜಾಗ ಇನ್ನೂ ನೋಯ್ತಿದೆಯಂತೆ, ತೋರಿಸ್ಕೊಂಡು ಬರ್ತೀವಿ." ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಸೊಸೆ ಹೇಳಿದರೆ ಹತ್ತು ಪ್ರಶ್ನೆ ಬರುತ್ತದೆ, ಮಗ ಹೇಳಿದರೆ ಒಂದೋ ಎರಡೋ.

ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯಿಂದ ಕೊಟ್ಟ ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಹೋಗಿ. ಹೋಗುವ ಹಿಂದಿನ ಎರಡು ದಿನ ಅಲ್ಲಿಗೆ ಕ್ರೀಮು, ಎಣ್ಣೆ ಹಚ್ಚಬೇಡಿ, ಒಳಗೆ ಸೋಪು ಹಾಕಿ ತೊಳೆಯಬೇಡಿ. ಸ್ರಾವ ಪರೀಕ್ಷಿಸಬೇಕಾದರೆ ಅದರಿಂದ ತಪ್ಪು ಫಲಿತಾಂಶ ಬರಬಹುದು. ಮಗುವನ್ನು ಕರೆದುಕೊಂಡು ಹೋಗುವುದಾದರೆ ಎತ್ತಿಕೊಳ್ಳುವ ಕೆಲಸ ಗಂಡನದು.

ಡಾಕ್ಟರ ಕೋಣೆಯಲ್ಲಿ

ಗಂಡ ಒಳಗೆ ಬರಬೇಕೋ ಬೇಡವೋ ಎನ್ನುವುದನ್ನು ಹೆಂಡತಿ ತೀರ್ಮಾನಿಸಲಿ, ಮನೆಯಿಂದ ಹೊರಡುವ ಮುಂಚೆಯೇ. ಸುಧಾ ಹೇಳಿದ್ದು: "ಮಾತಾಡುವಾಗ ಇರಿ, ಪರೀಕ್ಷೆ ಮಾಡುವಾಗ ಹೊರಗೆ ಇರಿ." ಒಳಗಿದ್ದಾಗ ಗಂಡ ಅವಳ ಪರವಾಗಿ ಉತ್ತರ ಕೊಡಬಾರದು. ಅವಳು ತಡವರಿಸಿದರೂ ಅವಳೇ ಹೇಳಲಿ. ಅವಳಿಗೆ ಮಾತೇ ಹೊರಡದಿದ್ದರೆ "ಬರ್ಕೊಂಡು ಬಂದಿದ್ದೀವಿ ಡಾಕ್ಟ್ರೇ" ಎಂದು ಟಿಪ್ಪಣಿ ಕೊಡುವುದಷ್ಟೇ ಅವನ ಕೆಲಸ.

ಪರೀಕ್ಷೆ ಎಂದರೆ ಹೆದರಿಕೆ ಸಹಜ. ಏನು ಮಾಡುತ್ತಾರೆ ಎಂದು ಮೊದಲೇ ಗೊತ್ತಿದ್ದರೆ ಹೆದರಿಕೆ ಕಮ್ಮಿಯಾಗುತ್ತದೆ. ಮೂತ್ರ ಮಾಡಿ ಬಂದು ಮಲಗಬೇಕು. ಡಾಕ್ಟರು ಮೊದಲು ಹೊರಗಿನಿಂದ ನೋಡುತ್ತಾರೆ: ಹೊಲಿಗೆ ಸರಿಯಾಗಿ ಕೂಡಿದೆಯೇ, ಕೆಂಪಗೆ ಹಸಿ ಮಾಂಸ ಉಳಿದಿದೆಯೇ, ಚರ್ಮ ತೆಳ್ಳಗೆ ಒಣಗಿದೆಯೇ. ಆಮೇಲೆ ಹತ್ತಿ ಸುತ್ತಿದ ಕಡ್ಡಿಯ ತುದಿಯಿಂದ ಬಾಯಿಯ ಸುತ್ತ ಒಂದೊಂದೇ ಕಡೆ ಮೆಲ್ಲಗೆ ಮುಟ್ಟಿ ಎಲ್ಲಿ ನೋವು ಎಂದು ಕೇಳಬಹುದು. ಅವಳು ಒಪ್ಪಿದರೆ ಒಂದು ಬೆರಳಿನಿಂದ ಸ್ನಾಯು ಬಿಗಿದಿದೆಯೇ ಎಂದು ನೋಡುತ್ತಾರೆ. ಒಳಗೆ ನೋಡಲು ಯೋನಿಯನ್ನು ಅಗಲಿಸುವ ಸ್ಪೆಕ್ಯುಲಮ್ ಎನ್ನುವ ಉಪಕರಣ ಮೊದಲ ದಿನವೇ ಹಾಕಲೇಬೇಕು ಎಂದೇನಿಲ್ಲ.

ಮಲಗುವ ಮುಂಚೆ ಸುಧಾ ಹೇಳಬೇಕಾದ ಮಾತು: "ಮೇಡಂ, ತುಂಬಾ ನೋವಾದ್ರೆ ಕೈ ಎತ್ತುತ್ತೀನಿ, ಆಗ ನಿಲ್ಲಿಸಿ." ನಿಲ್ಲಿಸಿ ಎನ್ನುವುದು ಅವಳ ಹಕ್ಕು. ನೋಡುವವರು ಗಂಡು ಡಾಕ್ಟರಾದರೆ ಪರೀಕ್ಷೆ ಹೊತ್ತಿಗೆ ಕೋಣೆಯಲ್ಲಿ ಒಬ್ಬ ಹೆಂಗಸು ಇರಬೇಕೆಂದು ಕೇಳುವುದೂ ರೋಗಿಯ ಹಕ್ಕೇ. ನೋಡದೆ, ಕೇಳದೆ 'ಇದೆಲ್ಲಾ ಮಾಮೂಲು, ಮನಸ್ಸು ಗಟ್ಟಿ ಮಾಡ್ಕೊಳ್ಳಮ್ಮ' ಎಂದು ಕಳಿಸಿದರೆ ಬೇರೆ ಡಾಕ್ಟರನ್ನು ನೋಡಿ. ಅದನ್ನು ನಿಮ್ಮ ತಪ್ಪೆಂದು ತಂದುಕೊಳ್ಳಬೇಡಿ.

ಏನು ಸಿಗಬಹುದು, ಏನು ಮಾಡಬೇಕು

ಸುಧಾಳಂಥವರಲ್ಲಿ ಸಾಮಾನ್ಯವಾಗಿ ಎರಡು ಮೂರು ಕಾರಣ ಒಟ್ಟಿಗೇ ಇರುತ್ತವೆ. ಹಾಲು ಕುಡಿಸುವಾಗ ದೇಹದಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಕಮ್ಮಿಯಾಗುತ್ತದೆ. ಯೋನಿಯ ಒಳಚರ್ಮ ತೆಳ್ಳಗಾಗಿ ಒಣಗುತ್ತದೆ. ಎಷ್ಟೇ ಪ್ರೀತಿಯಿದ್ದರೂ ಸಾಕಷ್ಟು ತೇವ ಬಾರದಿರಬಹುದು. ಇದನ್ನು ಗಂಡನಿಗೆ ಡಾಕ್ಟರೇ ಹೇಳಿದರೆ ಒಳ್ಳೆಯದು. ಒಣಗಿದ್ದನ್ನು 'ಇಷ್ಟ ಇಲ್ಲ' ಎಂದು ಓದಿಕೊಂಡ ಎಷ್ಟೋ ಗಂಡಂದಿರಿದ್ದಾರೆ.

ಇದಕ್ಕೆ ನೀರು ಆಧಾರದ ಜೆಲ್ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಕೊಬ್ಬರಿ ಎಣ್ಣೆ ಮನೆಯಲ್ಲೇ ಇದೆಯಲ್ಲ ಎಂದು ಅದನ್ನು ಹಚ್ಚುವವರು ಒಂದನ್ನು ತಿಳಿದಿರಬೇಕು: ಎಣ್ಣೆ ತಾಗಿದರೆ ಲೇಟೆಕ್ಸ್ ಕಾಂಡೋಮ್ ಹರಿಯಬಹುದು. ಮುಟ್ಟು ಶುರುವಾಗದಿದ್ದರೂ ಬಸಿರಾಗಬಹುದು, ಹಾಗಾಗಿ ಇದು ಸಣ್ಣ ವಿಷಯವಲ್ಲ. ಜೆಲ್ ಸಾಲದಿದ್ದರೆ ಡಾಕ್ಟರು ಅಲ್ಲಿಗೆ ಮಾತ್ರ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಕ್ರೀಮ್ ಬರೆದುಕೊಡಬಹುದು. ಕೆಲಸ ಮಾಡಲು ಕೆಲವು ವಾರ ಬೇಕು, ಮೂರು ದಿನ ಹಚ್ಚಿ ಬಿಡುವುದಲ್ಲ. ಇದಕ್ಕಾಗಿ ಮಗುವಿಗೆ ಹಾಲು ಬಿಡಿಸಬೇಕಾಗಿಲ್ಲ. ಆದರೆ ಕ್ರೀಮನ್ನು ಡಾಕ್ಟರು ಬರೆಯದೆ ಅಂಗಡಿಯಿಂದ ತರಬೇಡಿ.

ಹೊಲಿಗೆಯ ಗುರುತು ಗಟ್ಟಿಯಾಗಿದ್ದರೆ ಮಾಲೀಶು ಹೇಳಿಕೊಡುತ್ತಾರೆ. ಗಾಯ ಪೂರ್ತಿ ಕೂಡಿದೆ ಎಂದು ಡಾಕ್ಟರು ಹೇಳಿದ ಮೇಲೆ, ಉಗುರು ಕತ್ತರಿಸಿ ಕೈ ತೊಳೆದು, ಹೆಬ್ಬೆರಳಿನಿಂದ ಆ ಜಾಗವನ್ನು ದಿನಕ್ಕೆ ಐದು ನಿಮಿಷ ಕೆಳಕ್ಕೆ, ಪಕ್ಕಕ್ಕೆ ಮೆಲ್ಲಗೆ ಒತ್ತುವುದು. ಎಳೆದ ಹಾಗೆ ಅನ್ನಿಸಬೇಕು, ನೋವಾಗಬಾರದು. ಹಸಿ ಮಾಂಸ ಉಳಿದಿದ್ದರೆ ಔಷಧಿ ಮುಟ್ಟಿಸಿ ಸುಡುತ್ತಾರೆ, ಅದು ಚಿಕ್ಕ ಕೆಲಸ.

ಸ್ನಾಯು ಬಿಗಿದಿದ್ದರೆ ಫಿಸಿಯೋಥೆರಪಿ ಬೇಕು. ಹೆರಿಗೆಯಾದವರು ಬಿಗಿ ಹಿಡಿಯುವ ಕೀಗಲ್ ವ್ಯಾಯಾಮ ಮಾಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಮೊದಲೇ ಬಿಗಿದಿರುವವರಿಗೆ ಅದರಿಂದ ನೋವು ಜಾಸ್ತಿಯಾಗಬಹುದು. ಇವರು ಕಲಿಯಬೇಕಾದದ್ದು ಸಡಿಲ ಬಿಡುವುದನ್ನು: ಮೊಣಕಾಲು ಮಡಿಸಿ ಮಲಗಿ, ಹೊಟ್ಟೆ ಉಬ್ಬುವ ಹಾಗೆ ನಿಧಾನ ಉಸಿರು ಎಳೆದು, ಆ ಹೊತ್ತಿಗೆ ಕೆಳಗಿನ ಸ್ನಾಯುವನ್ನು ಬಿಡುವುದು. ಆಮೇಲೆ ತನ್ನದೇ ಬೆರಳು, ಬೇಕಾದರೆ ಒಳಗೆ ಮೆಲ್ಲಗೆ ಇಟ್ಟುಕೊಳ್ಳುವ, ತೆಳ್ಳಗಿನಿಂದ ದಪ್ಪಕ್ಕೆ ಹೋಗುವ ಡೈಲೇಟರ್ ಎಂಬ ನುಣುಪಾದ ಕಡ್ಡಿಗಳು.

ಮತ್ತೆ ಯಾವಾಗ ಒಂದಾಗಬಹುದು ಎನ್ನುವುದಕ್ಕೆ ತಾರೀಖು ಇಟ್ಟುಕೊಳ್ಳಬೇಡಿ. ತನ್ನ ಬೆರಳು ನೋವಿಲ್ಲದೆ ಹೋಗುತ್ತದೆ ಎಂದು ಅವಳಿಗೆ ಗೊತ್ತಾಗಬೇಕು, ಅವಳಿಗೇ ಬೇಕು ಅನ್ನಿಸಬೇಕು. ಮೊದಲ ಸಲ ಜೆಲ್ ಧಾರಾಳವಾಗಿರಲಿ, ಎಷ್ಟು ಒಳಗೆ, ಎಷ್ಟು ನಿಧಾನ ಎನ್ನುವುದು ಅವಳ ಕೈಯಲ್ಲಿರುವ ಹಾಗೆ ಮಲಗಿ. ಅವಳು ಸಾಕು ಅಂದರೆ ಆ ಕ್ಷಣ ನಿಲ್ಲಿಸುವುದು, ಮುಖ ಸಪ್ಪೆ ಮಾಡದೆ. ನೋವಾದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಬೆರಳಿನಿಂದ ಶುರು.

ಡಾಕ್ಟರು ಹೇಳಿದ ದಿನ ಮತ್ತೆ ತೋರಿಸಿ, ಕಮ್ಮಿಯಾಗಿದ್ದರೂ. ಕ್ರೀಮು, ಮಾಲೀಶು ಎರಡನ್ನೂ ಸರಿಯಾಗಿ ಎರಡು ಮೂರು ತಿಂಗಳು ಮಾಡಿದ ಮೇಲೂ ನೋವು ಹಾಗೇ ಇದ್ದರೆ ಅದೇ ಕ್ರೀಮನ್ನು ಇನ್ನೊಂದು ಸಲ ಬರೆಸಿಕೊಂಡು ಬರಬೇಡಿ. "ಬಾಯಿಯ ಹತ್ತಿರದ ನರದ ನೋವೇನಾದರೂ ಇರಬಹುದಾ? ಸ್ನಾಯು ನೋಡುವ ಫಿಸಿಯೋಥೆರಪಿಯವರ ಹತ್ತಿರ ಕಳಿಸ್ತೀರಾ?" ಎಂದು ಇವೆರಡನ್ನೂ ಬಿಡಿಸಿ ಕೇಳಿ. ಸುಧಾ ಈ ಎರಡು ಪ್ರಶ್ನೆಗಳನ್ನೂ ಮೊಬೈಲಿನ ಅದೇ ಟಿಪ್ಪಣಿಯ ಕೆಳಗೆ ಬರೆದುಕೊಂಡಿದ್ದಾಳೆ.